‘ಪರವಾಗಿಲ್ಲ ಬಿಡು’ ಅನ್ನದೆ: ಹುಟ್ಟುಹಬ್ಬ ಮರೆತ ಸಂಗಾತಿಗೆ ಮೆಸೇಜ್ ಬರೆಯುವುದು ಹೇಗೆ

ರಾತ್ರಿ ಹನ್ನೊಂದೂವರೆ. ಇನ್ನು ಅರ್ಧ ಗಂಟೆಗೆ ಹುಟ್ಟುಹಬ್ಬ ಮುಗಿಯುತ್ತದೆ. ಬೆಳಗ್ಗೆಯಿಂದ ಯಾರ್ಯಾರದ್ದೋ ವಿಶ್ ಬಂದಿದೆ, ಬರಬೇಕಾದವರದ್ದು ಮಾತ್ರ ಬಂದಿಲ್ಲ. ಆ ಹೊತ್ತಿನಲ್ಲಿ ನನ್ನ ಗೆಳತಿಯೊಬ್ಬಳು ಟೈಪ್ ಮಾಡಿದ್ದು ಇದು:

“ವಾವ್. ಥ್ಯಾಂಕ್ಸ್. ಇವತ್ತು ಏನು ದಿನ ಅಂತ ಕೂಡ ನೆನಪಿಲ್ಲ ಅಲ್ವಾ? ಹೋದ ಸಲವೂ ನಾನೇ ನೆನಪಿಸಬೇಕಾಯ್ತು. ನಿನಗೆ ಯಾವಾಗಲೂ ಕೆಲಸವೇ ಮುಖ್ಯ. ನಾನು ನಿನ್ನ ಲೆಕ್ಕದಲ್ಲೇ ಇಲ್ಲ ಅನ್ನಿಸುತ್ತೆ. ಪರವಾಗಿಲ್ಲ ಬಿಡು, ಅಭ್ಯಾಸ ಆಗಿದೆ.”

ಪುಣ್ಯಕ್ಕೆ ಇದನ್ನು ಅವನಿಗೆ ಕಳಿಸುವ ಮೊದಲು ನನಗೆ ಕಳಿಸಿದಳು. ಇಬ್ಬರೂ ಜೊತೆಯಾಗಿ ನಾಲ್ಕು ವರ್ಷ. ಆ ವಾರ ಅವನು ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ. ಸಂಜೆ ಅರ್ಧ ಗಂಟೆ ಫೋನಿನಲ್ಲಿ ಮಾತಾಡಿದ್ದಾನೆ, ತನ್ನ ಮೀಟಿಂಗ್ ಬಗ್ಗೆ. ಹುಟ್ಟುಹಬ್ಬದ ಸುದ್ದಿಯೇ ಇಲ್ಲ. ಅವಳೂ ಎತ್ತಲಿಲ್ಲ, ಕಾದಳು.

ಮೇಲಿನ ಮೆಸೇಜ್‌ನಲ್ಲಿ ಸುಳ್ಳೇನೂ ಇಲ್ಲ. ಆದರೆ ಅದಕ್ಕೆ ಉತ್ತರ ಕೊಡೋದು ಹೇಗೆ ಅಂತ ಓದಿದವನ ಜಾಗದಲ್ಲಿ ನಿಂತು ಯೋಚಿಸಿ. ‘ಯಾವಾಗಲೂ’ ಅನ್ನುವುದಕ್ಕೆ ಜಗಳ ಆಡಬಹುದು. ‘ವಾವ್’ ಅನ್ನುವುದಕ್ಕೆ ಸಿಡುಕಬಹುದು. ‘ಬಿಡು’ ಅಂದಿದ್ದಾಳಲ್ಲ ಅಂತ ನಿಜವಾಗಿಯೂ ಬಿಟ್ಟುಬಿಡಬಹುದು. ಅವಳಿಗೆ ನೋವಾಗಿದೆ ಅನ್ನುವ ಒಂದೇ ಒಂದು ವಿಷಯ ಮಾತ್ರ ಅಲ್ಲಿ ನೇರವಾಗಿ ಬರೆದಿಲ್ಲ. ಆ ಡ್ರಾಫ್ಟನ್ನೇ ಇಟ್ಟುಕೊಂಡು ಹಂತ ಹಂತವಾಗಿ ತಿದ್ದೋಣ.

ಮೊದಲು, ಆ ರಾತ್ರಿ ಕಳಿಸಬೇಡಿ

ದಂಪತಿಗಳ ಜಗಳವನ್ನು ದಶಕಗಳ ಕಾಲ ಗಮನಿಸಿದ ಅಮೆರಿಕದ ಮನೋವಿಜ್ಞಾನಿ ಜಾನ್ ಗಾಟ್‌ಮನ್ ಒಂದು ಮಾತು ಹೇಳುತ್ತಾರೆ. ಎದೆ ಡವಡವ ಹೊಡೆದುಕೊಳ್ಳುವಾಗ ಮಾತು ನಿಲ್ಲಿಸಿ, ಕಡಿಮೆ ಅಂದರೂ 20 ನಿಮಿಷ ಬಿಡುವು ತಗೊಳ್ಳಿ ಅಂತ. ಮೈ ತಣ್ಣಗಾಗಲು ಅಷ್ಟಾದರೂ ಬೇಕು. ಆ ಬಿಡುವಿನಲ್ಲಿ ‘ನಾಳೆ ಹೀಗೆ ಹೇಳ್ತೀನಿ, ಅದಕ್ಕೆ ಅವನು ಹಾಗಂದರೆ ನಾನು ಹೀಗಂತೀನಿ’ ಅಂತ ರಿಹರ್ಸಲ್ ಮಾಡುತ್ತಾ ಕೂತರೆ ಬಿಡುವಿನ ಲಾಭ ಸಿಗುವುದಿಲ್ಲ. ರಾತ್ರಿ ಹನ್ನೊಂದೂವರೆಗೆ ಇಪ್ಪತ್ತು ನಿಮಿಷ ಸಾಲದು, ನಿದ್ದೆಯೇ ಬೇಕು. ಬರೆಯಲೇಬೇಕು ಅನ್ನಿಸಿದರೆ ಚಾಟ್‌ನಲ್ಲಿ ಬರೆಯಬೇಡಿ, ಫೋನಿನ ನೋಟ್ಸ್‌ನಲ್ಲಿ ಬರೆಯಿರಿ. ಅಲ್ಲಿ ಕೈತಪ್ಪಿ ಸೆಂಡ್ ಒತ್ತುವ ಭಯ ಇಲ್ಲ.

ಹಾಗಂತ ವಾರಗಟ್ಟಲೆ ಕಾಯುವುದೂ ಸರಿಯಲ್ಲ. ‘ಅವನಾಗಿಯೇ ನೆನಪಿಸಿಕೊಳ್ಳಲಿ, ನೋಡೋಣ ಎಷ್ಟು ದಿನ ಬೇಕು’ ಅಂತ ಕಾಯತೊಡಗಿದರೆ ಅದು ಪರೀಕ್ಷೆ ಆಗಿಬಿಡುತ್ತದೆ. ಪರೀಕ್ಷೆ ನಡೆಯುತ್ತಿದೆ ಅನ್ನೋದೇ ಗೊತ್ತಿಲ್ಲದವರು ಅದರಲ್ಲಿ ಪಾಸಾಗುವುದಿಲ್ಲ. ದಿನ ಕಳೆದಂತೆ ಮರೆವಿನ ಜೊತೆಗೆ ಆ ಮೌನಕ್ಕೂ ಸಮಜಾಯಿಷಿ ಕೊಡಬೇಕಾಗುತ್ತದೆ. ನನ್ನ ಲೆಕ್ಕದಲ್ಲಿ ಮರುದಿನ ಒಳ್ಳೆಯದು, ಎರಡನೇ ದಿನಕ್ಕಿಂತ ಮುಂದೆ ಹೋಗಬಾರದು.

ಕಂಡದ್ದು ಯಾವುದು, ಊಹಿಸಿದ್ದು ಯಾವುದು

ಡ್ರಾಫ್ಟನ್ನು ಮತ್ತೆ ಓದಿ. ಅದರಲ್ಲಿ ಅವಳು ಕಣ್ಣಾರೆ ಕಂಡದ್ದು ಎಷ್ಟು? ನಿನ್ನೆ ಅವಳ ಹುಟ್ಟುಹಬ್ಬ ಇತ್ತು. ಸಂಜೆ ಇಬ್ಬರೂ ಮಾತಾಡಿದರು. ಅವನು ವಿಶ್ ಮಾಡಲಿಲ್ಲ. ಇಷ್ಟೇ. ‘ಕೆಲಸವೇ ಮುಖ್ಯ’, ‘ನಾನು ಲೆಕ್ಕದಲ್ಲೇ ಇಲ್ಲ’ ಅನ್ನೋದೆಲ್ಲ ಅವನ ತಲೆಯೊಳಗೆ ಏನಿದೆ ಅನ್ನುವ ಬಗ್ಗೆ ಅವಳ ಊಹೆ. ‘ಮರೆತೆ’ ಅನ್ನೋದು ಕೂಡ ಊಹೆಯೇ, ತುಂಬ ಸಾಧ್ಯತೆ ಇರುವ ಊಹೆ. ಅವನ ಬಾಯಿಂದ ಬರುವ ತನಕ ‘ವಿಶ್ ಮಾಡಲಿಲ್ಲ’ ಅಂತ ಬರೆಯುವುದು ಹೆಚ್ಚು ಸರಿ. ಅದನ್ನು ಯಾರೂ ಅಲ್ಲಗಳೆಯುವುದಕ್ಕೆ ಆಗುವುದಿಲ್ಲ.

ಇಲ್ಲೊಂದು ವಿಷಯ ತಿಳಿದಿರಬೇಕು. ‘ಪ್ರೀತಿ ಇದ್ದರೆ ನೆನಪಿರುತ್ತೆ’ ಅನ್ನುವ ಮಾತು ನೆನಪಿನ ವಿಷಯದಲ್ಲಿ ಅಷ್ಟು ಸರಿಯಲ್ಲ. ನಿಮ್ಮ ಹುಟ್ಟುಹಬ್ಬ ಎಂದು ಅಂತ ಕೇಳಿದರೆ ಅವರು ತಟ್ಟನೆ ತಾರೀಖು ಹೇಳಬಹುದು. ಆದರೆ ಇವತ್ತು ಆ ತಾರೀಖು ಅಂತ ಸರಿಯಾದ ಹೊತ್ತಿಗೆ ತಲೆಗೆ ಹೊಳೆಯುವುದು ಬೇರೆಯೇ ಕೆಲಸ. ಮುಂದೆ ಮಾಡಬೇಕಾದ್ದನ್ನು ಆ ಹೊತ್ತಿಗೆ ನೆನಪಿಸಿಕೊಳ್ಳುವ ಈ ಶಕ್ತಿಯನ್ನು ಮನೋವಿಜ್ಞಾನದಲ್ಲಿ ಪ್ರಾಸ್ಪೆಕ್ಟಿವ್ ಮೆಮೊರಿ ಅನ್ನುತ್ತಾರೆ. ಕಣ್ಣಿಗೆ ಬೀಳುವ ಯಾವುದೋ ಸುಳಿವು ಇಲ್ಲದಿದ್ದಾಗ, ದಿನಚರಿ ತಪ್ಪಿದಾಗ, ಕೆಲಸ ಮೈಮೇಲೆ ಬಿದ್ದಾಗ ಅದು ಕೈಕೊಡುವುದು ಜಾಸ್ತಿ. ಬೇರೆ ಊರು, ಬೇರೆ ರೂಮು, ಬೆಳಗ್ಗೆಯಿಂದ ಸಂಜೆವರೆಗೆ ಮೀಟಿಂಗ್. ಗೆಳತಿಯ ಸಂಗಾತಿಗೆ ಈ ಮೂರೂ ಇದ್ದವು.

ಇದರಿಂದ ನೋವು ಸುಳ್ಳಾಗುವುದಿಲ್ಲ. ಕಾಲು ತುಳಿದವರು ನೋಡದೆ ತುಳಿದರೂ ಕಾಲು ನೋಯುತ್ತದೆ. ಆದರೆ ‘ನೋಯುತ್ತಿದೆ’ ಅನ್ನೋದಕ್ಕೂ ‘ಬೇಕಂತಲೇ ತುಳಿದೆ’ ಅನ್ನೋದಕ್ಕೂ ಬರುವ ಉತ್ತರ ಬೇರೆ ಬೇರೆ.

ನೋವಿನ ಮಾತು ‘ನನಗೆ’ ಅಂತ ಶುರುವಾಗಲಿ

ಅಮೆರಿಕದ ಇನ್ನೊಬ್ಬ ಮನೋವಿಜ್ಞಾನಿ ಥಾಮಸ್ ಗಾರ್ಡನ್, ದೂರನ್ನು ‘ನೀನು’ ಅಂತ ಶುರು ಮಾಡದೆ ‘ನಾನು’ ಅಂತ ಶುರು ಮಾಡುವ ಪದ್ಧತಿಯನ್ನು ಬಳಕೆಗೆ ತಂದರು. ನಮಗೆ ಇದು ಇನ್ನೂ ಸುಲಭ. ಕನ್ನಡದಲ್ಲಿ ಭಾವನೆ ನಾವು ಮಾಡುವ ಕೆಲಸ ಅಲ್ಲ, ನಮಗೆ ಆಗುವಂಥದ್ದು. ‘ನನಗೆ ಬೇಜಾರಾಯ್ತು.’ ಈ ವಾಕ್ಯದಲ್ಲಿ ಅಪರಾಧಿಯೇ ಇಲ್ಲ. ‘ನೀನು ನನಗೆ ಬೇಜಾರು ಮಾಡಿದೆ’ ಅಂದ ಕೂಡಲೇ ಒಬ್ಬ ಅಪರಾಧಿ ಕಟಕಟೆಗೆ ಬಂದು ನಿಲ್ಲುತ್ತಾನೆ. ಅಲ್ಲಿ ನಿಂತವರು ಮೊದಲು ಮಾಡುವುದು ತಮ್ಮ ವಾದ ಮಂಡಿಸುವುದು. ನಿಮ್ಮ ನೋವು ಕೇಳಿಸಿಕೊಳ್ಳುವುದು ಆಮೇಲಿನ ಮಾತು.

ಇಲ್ಲಿ ಒಂದು ಹಳ್ಳವೂ ಇದೆ, ಜಾಗ್ರತೆ. ‘ಅನ್ನಿಸುತ್ತೆ’ ಸೇರಿಸಿದ ಮಾತ್ರಕ್ಕೆ ಅದು ಭಾವನೆ ಆಗುವುದಿಲ್ಲ. ‘ನಿನಗೆ ನನ್ನ ಮೇಲೆ ಪ್ರೀತಿ ಇಲ್ಲ ಅನ್ನಿಸುತ್ತೆ’ ಅನ್ನೋದು ಅವರ ಬಗ್ಗೆ ಕೊಟ್ಟ ತೀರ್ಪು. ಪರೀಕ್ಷಿಸುವುದು ಸುಲಭ: ‘ಅನ್ನಿಸುತ್ತೆ’ ತೆಗೆದುಹಾಕಿ, ಉಳಿದದ್ದನ್ನು ಓದಿ. ‘ನಾನು ನಿನ್ನ ಲೆಕ್ಕದಲ್ಲೇ ಇಲ್ಲ’ ಅಂತ ಉಳಿದರೆ ಅದು ಆರೋಪ. ಭಾವನೆಯ ಮಾತು ತುಂಬ ಚಿಕ್ಕದಿರುತ್ತದೆ: ಬೇಜಾರಾಯ್ತು, ಅಳು ಬಂತು, ಒಂಟಿ ಅನ್ನಿಸ್ತು, ನಾಚಿಕೆ ಆಯ್ತು. ಗೆಳತಿಗೆ ನಿಜವಾಗಿ ಏನಾಗಿತ್ತು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಪ್ರತಿ ಸಲ ಫೋನ್ ಸದ್ದಾದಾಗಲೂ ಅವನೇ ಅಂತ ಓಡಿ ಹೋಗ್ತಿದ್ದೆ ಕಣೇ” ಅಂದಳು. ಇಡೀ ಮೆಸೇಜ್‌ನ ಜೀವ ಈ ಒಂದು ಸಾಲಿನಲ್ಲಿತ್ತು. ಡ್ರಾಫ್ಟ್‌ನಲ್ಲಿ ಅದು ಇರಲೇ ಇಲ್ಲ.

ಚಿಕ್ಕ ಪದಗಳನ್ನು ಹುಡುಕಿ ತೆಗೆಯಿರಿ

ದೊಡ್ಡ ಬೈಗುಳಕ್ಕಿಂತ ಚಿಕ್ಕ ಪದಗಳೇ ಹೆಚ್ಚು ಚುಚ್ಚುತ್ತವೆ. ‘ಈ ಸಲ ವಿಶ್ ಮಾಡಲಿಲ್ಲ’ ಅನ್ನೋದಕ್ಕೂ ‘ಈ ಸಲವೂ ವಿಶ್ ಮಾಡಲಿಲ್ಲ’ ಅನ್ನೋದಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ‘ಊ’. ಆದರೆ ಆ ‘ಊ’ ಹಳೆಯ ವರ್ಷಗಳನ್ನೆಲ್ಲ ಎಳೆದು ತರುತ್ತದೆ. ‘ಕೆಲಸವೇ’ ಅನ್ನುವಲ್ಲಿನ ‘ಏ’ ಕೂಡ ಹಾಗೆಯೇ. ‘ಯಾವಾಗಲೂ’, ‘ಒಂದು ದಿನವಾದರೂ’ ಇವುಗಳ ಬಗ್ಗೆ ಹೇಳುವುದೇ ಬೇಡ. ಅವರು ನೆನಪಿಟ್ಟುಕೊಂಡ ಒಂದೇ ಒಂದು ದಿನವನ್ನು ಎತ್ತಿ ತೋರಿಸಿದರೆ ನಿಮ್ಮ ವಾದ ಬಿದ್ದುಹೋಯಿತು.

ವಾಕ್ಯದ ಕೊನೆಯ ‘ಅಲ್ವಾ’ ಎದುರಿಗೆ ಕೂತು ನಗುನಗುತ್ತಾ ಹೇಳಿದರೆ ಸಲಿಗೆ. ನೋವಿನ ಮೆಸೇಜ್‌ನಲ್ಲಿ ಬರೆದರೆ ಅದು ಪೊಲೀಸರ ಪ್ರಶ್ನೆ. ವ್ಯಂಗ್ಯದ ಕಥೆಯೂ ಅಷ್ಟೇ. ಬರಹದಲ್ಲಿ ಧ್ವನಿ ಎಷ್ಟು ದಾಟುತ್ತದೆ ಅಂತ ಅಮೆರಿಕದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಪ್ರಯೋಗಗಳಿವೆ. ಇಮೇಲ್ ಬರೆದವರು ತಮ್ಮ ವ್ಯಂಗ್ಯ ಓದುವವರಿಗೆ ಚೆನ್ನಾಗಿ ಗೊತ್ತಾಗುತ್ತದೆ ಅಂದುಕೊಂಡಿದ್ದರು. ಓದಿದವರು ಗುರುತಿಸಿದ್ದು ಅದಕ್ಕಿಂತ ತುಂಬ ಕಡಿಮೆ. ಅಂದರೆ ‘ವಾವ್, ಥ್ಯಾಂಕ್ಸ್’ ಅನ್ನೋದು ಒಂದೋ ಅರ್ಥವೇ ಆಗುವುದಿಲ್ಲ, ಇಲ್ಲವೇ ಆಗಬೇಕಾದ್ದಕ್ಕಿಂತ ಕಹಿಯಾಗಿ ಅರ್ಥವಾಗುತ್ತದೆ.

ಎಲ್ಲಕ್ಕಿಂತ ಮೋಸದ್ದು ‘ಬಿಡು’. ‘ಪರವಾಗಿಲ್ಲ ಬಿಡು’, ‘ಹೋಗಲಿ ಬಿಡು’ ಅಂತ ನಾವು ಬರೆಯುವಾಗ ‘ದಯವಿಟ್ಟು ಬಿಡಬೇಡ, ಇನ್ನೊಂದು ಸಲ ಕೇಳು’ ಅಂತ ಮನಸ್ಸಿನಲ್ಲಿರುತ್ತದೆ. ಓದುವವರಿಗೆ ಕಾಣುವುದು ಮುಚ್ಚಿದ ಬಾಗಿಲು. ನಾನೇ ಒಂದು ಸಲ ಹೀಗೆ ಬರೆದು, ‘ಸರಿ’ ಅನ್ನುವ ಎರಡಕ್ಷರದ ಉತ್ತರ ಪಡೆದು, ಮೂರು ದಿನ ಉರಿದುಕೊಂಡಿದ್ದೆ. ತಪ್ಪು ಯಾರದು ಹೇಳಿ?

ಇದರ ಇನ್ನೊಂದು ತುದಿಗೂ ಹೋಗಬೇಡಿ. ‘ಚಿಕ್ಕ ವಿಷಯ, ನಾನೇ ಜಾಸ್ತಿ ಮಾಡ್ತಿದ್ದೀನೇನೋ, ಸಾರಿ, ಆದ್ರೂ ಹೇಳ್ತೀನಿ’ ಅಂತ ಪೀಠಿಕೆ ಹಾಕಿದರೆ ನಿಮ್ಮ ನೋವಿಗೆ ನೀವೇ ಕ್ಷಮೆ ಕೇಳಿದಂತೆ. ಅದನ್ನು ಓದಿದವರು ‘ಹೌದು, ಚಿಕ್ಕ ವಿಷಯ’ ಅಂತ ಒಪ್ಪಿಕೊಂಡರೆ ಅವರನ್ನು ದೂರುವ ಹಾಗಿಲ್ಲ.

ಬಾಗಿಲು ತೆರೆದಿಡುವ ಸಾಲು

ಕೊನೆಯಲ್ಲಿ ಒಂದು ಪ್ರಶ್ನೆ ಅಥವಾ ಕೋರಿಕೆ ಇರಲಿ. ಅದು ನಿಜವಾದ ಪ್ರಶ್ನೆ ಆಗಿರಬೇಕು, ಅಂದರೆ ಉತ್ತರ ನಿಮಗೆ ಗೊತ್ತಿರಬಾರದು. ‘ನಿನ್ನೆ ಏನು ದಿನ ಅಂತ ಗೊತ್ತಾ?’ ಅನ್ನೋದು ಬೋನು. ‘ನಿನ್ನೆ ನಿನ್ನ ಕಡೆ ಏನಾಗಿತ್ತು?’ ಅನ್ನೋದು ಪ್ರಶ್ನೆ. ಕೇಳಿದ ಮೇಲೆ ಬರುವ ಉತ್ತರಕ್ಕೆ ನಿಮ್ಮ ಅಭಿಪ್ರಾಯ ಸ್ವಲ್ಪವಾದರೂ ಬದಲಾಗಬಹುದು ಅನ್ನುವಂತಿದ್ದರೆ ಮಾತ್ರ ಕೇಳಿ. ಇಲ್ಲದಿದ್ದರೆ ಪ್ರಶ್ನೆ ಬಿಟ್ಟು, ಮಾತಾಡೋಣ ಅಂತಷ್ಟೇ ಬರೆಯಿರಿ.

ಹೊತ್ತನ್ನೂ ಹೇಳಿ. ‘ನಿನ್ನ ಹತ್ತಿರ ಮಾತಾಡಬೇಕು’ ಅಂತಷ್ಟೇ ಬರೆದರೆ ಓದಿದವರ ಹೊಟ್ಟೆ ತೊಳಸುತ್ತದೆ, ದಿನವಿಡೀ ಏನು ಕಾದಿದೆಯೋ ಅಂತ. ಯಾವ ವಿಷಯ, ಯಾವಾಗ, ಸುಮಾರು ಎಷ್ಟು ಹೊತ್ತು ಅಂತ ತಿಳಿದರೆ ಆ ಗಾಬರಿ ಇರುವುದಿಲ್ಲ.

ಮರುದಿನ ಬೆಳಗ್ಗೆ ಗೆಳತಿ ಕಳಿಸಿದ್ದು ಹೀಗಿತ್ತು:

“ನಿನ್ನೆ ನನ್ನ ಹುಟ್ಟುಹಬ್ಬ ಇತ್ತು. ಸಂಜೆ ಮಾತಾಡಿದಾಗ ನೀನು ವಿಶ್ ಮಾಡಲಿಲ್ಲ. ನನಗೆ ತುಂಬಾ ಬೇಜಾರಾಯ್ತು. ದಿನವಿಡೀ ಫೋನ್ ಸದ್ದಾದಾಗೆಲ್ಲ ನೀನೇ ಅಂತ ನೋಡ್ತಿದ್ದೆ. ಆಗಲೇ ಹೇಳಬಹುದಿತ್ತು, ನನಗೆ ಬಾಯಿ ಬರಲಿಲ್ಲ. ಈ ವಾರ ನಿನಗೆ ಕೆಲಸ ಜಾಸ್ತಿ ಅಂತ ಗೊತ್ತು. ನಿನ್ನ ಕಡೆ ಏನಾಯ್ತು ಅಂತ ಕೇಳಬೇಕು ನನಗೆ. ಇವತ್ತು ರಾತ್ರಿ ಒಂಬತ್ತಕ್ಕೆ ಅರ್ಧ ಗಂಟೆ ಮಾತಾಡೋಣವಾ? ಈಗಲೇ ಉದ್ದ ಉತ್ತರ ಬೇಡ.”

ಇದರಲ್ಲಿ ‘ಈ ವಾರ ನಿನಗೆ ಕೆಲಸ ಜಾಸ್ತಿ ಅಂತ ಗೊತ್ತು’ ಅನ್ನುವ ಸಾಲು ಎಲ್ಲಿದೆ ನೋಡಿ. ನೋವು ಹೇಳಿ ಮುಗಿದ ಮೇಲೆ ಬಂದಿದೆ, ‘ಆದರೆ’ ಇಲ್ಲದೆ ಬಂದಿದೆ. ‘ನಿನಗೆ ಕೆಲಸ ಜಾಸ್ತಿ ಅಂತ ಗೊತ್ತು, ಆದರೆ…’ ಅಂತ ಶುರು ಮಾಡಿದ್ದರೆ ‘ಆದರೆ’ಗಿಂತ ಹಿಂದಿನದ್ದೆಲ್ಲ ಅಳಿಸಿಹೋಗುತ್ತಿತ್ತು. ಆಮೇಲೆ ‘ಆಗಲೇ ಹೇಳಬಹುದಿತ್ತು’ ಅನ್ನೋದು. ಅದನ್ನು ಸೇರಿಸು ಅಂತ ನಾನು ಹೇಳಿರಲಿಲ್ಲ, ಅವಳೇ ಬರೆದಳು. ತಾನು ಸುಮ್ಮನಿದ್ದದ್ದನ್ನು ಒಪ್ಪಿಕೊಂಡಿದ್ದಾಳೆ, ತಪ್ಪನ್ನು ತನ್ನ ಮೇಲೆ ಎಳೆದುಕೊಂಡಿಲ್ಲ. ಹೋದ ವರ್ಷದ ಸುದ್ದಿ ಪೂರ್ತಿ ಬಿಟ್ಟಿದ್ದಾಳೆ. ಅದು ಎದುರಾಬದುರು ಕೂತಾಗಿನ ಮಾತು, ಮೆಸೇಜ್‌ನಲ್ಲಿ ಹಿಡಿಸುವಂಥದ್ದಲ್ಲ.

ಇದನ್ನು ಒಂದೇ ಮೆಸೇಜ್ ಆಗಿ ಕಳಿಸಿ. ಸಾಲು ಸಾಲಾಗಿ ಏಳು ಸಲ ಟಿಂಗ್ ಅನ್ನಿಸಿದರೆ ಮೂರನೇ ಸಾಲಿಗೇ ಉತ್ತರ ಬಂದು ದಾರಿ ತಪ್ಪುತ್ತದೆ. ಅವರು ಮೀಟಿಂಗ್‌ಗೆ ಹೊರಟ ಹೊತ್ತು ಗೊತ್ತಿದ್ದರೆ ಅದನ್ನು ತಪ್ಪಿಸಿ. ಒಂದೇ ಮನೆಯಲ್ಲಿ ಇರುವವರಿಗೆ ಮೆಸೇಜ್ ಇನ್ನೂ ಚಿಕ್ಕದು ಸಾಕು: “ನಿನ್ನೆ ನನ್ನ ಹುಟ್ಟುಹಬ್ಬ. ನೀನು ಏನೂ ಹೇಳಲಿಲ್ಲ, ನನಗೆ ಬೇಜಾರಾಗಿದೆ. ಎದುರಿಗೆ ಹೇಳೋಕೆ ಹೋದರೆ ಅಳು ಬರುತ್ತೆ ಅಂತ ಬರೀತಿದ್ದೀನಿ. ರಾತ್ರಿ ಮಾತಾಡೋಣ.”

ಸ್ಟೇಟಸ್‌ನಲ್ಲಿ ಹಾಕುವುದು, ಅವರ ಅಕ್ಕನಿಗೋ ಗೆಳೆಯನಿಗೋ ಹೇಳಿ ಸುಳಿವು ಕೊಡಿಸುವುದು, ಇವೆರಡೂ ಬೇಡ. ನಾಲ್ಕು ಜನರೆದುರು ಸಿಕ್ಕಿಬಿದ್ದವರಿಗೆ ನಿಮ್ಮ ನೋವಿಗಿಂತ ತಮ್ಮ ಅವಮಾನವೇ ಮುಂದೆ ನಿಲ್ಲುತ್ತದೆ.

ಉತ್ತರ ಬಂದ ಮೇಲೆ

ಬಹಳಷ್ಟು ಸಲ ಮೊದಲು ಬರುವುದು ಗಾಬರಿಯ ಉತ್ತರ. ‘ಅಯ್ಯೋ ಸಾರಿ ಸಾರಿ, ನಾನೆಂಥ ಮನುಷ್ಯ, ನಿನಗೆ ನಾನು ತಕ್ಕವನೇ ಅಲ್ಲ.’ ಇಲ್ಲಿ ಎಚ್ಚರ ಬೇಕು. ಐದು ನಿಮಿಷದಲ್ಲಿ ನೀವೇ ಅವರಿಗೆ ಸಮಾಧಾನ ಹೇಳುತ್ತಾ ಕೂತಿರುತ್ತೀರಿ, ನಿಮ್ಮ ಮಾತು ಅಲ್ಲೇ ಮುಗಿದಿರುತ್ತದೆ. ‘ಸಾರಿ ಕೇಳಿದ್ದು ಒಳ್ಳೆಯದಾಯ್ತು. ರಾತ್ರಿ ಮಾತಾಡೋಣ’ ಅಂತ ಬರೆದು ನಿಲ್ಲಿಸಿ. ಸಂಜೆಯೊಳಗೆ ದುಬಾರಿ ಉಡುಗೊರೆ ಬಂದರೂ ಅಷ್ಟೇ. ತಗೊಳ್ಳಿ, ಥ್ಯಾಂಕ್ಸ್ ಹೇಳಿ, ಒಂಬತ್ತು ಗಂಟೆಯ ಮಾತನ್ನು ಮಾತ್ರ ರದ್ದು ಮಾಡಬೇಡಿ.

‘ಇಷ್ಟಕ್ಕೆಲ್ಲ ಯಾಕಿಷ್ಟು?’ ಅಂತ ಬಂದರೆ ವಿಷಯ ದೊಡ್ಡದೋ ಚಿಕ್ಕದೋ ಅನ್ನುವ ವಾದಕ್ಕೆ ಇಳಿಯಬೇಡಿ. ‘ನಿನಗೆ ಚಿಕ್ಕದಿರಬಹುದು. ನನಗೆ ನೋವಾಗಿದೆ, ಅದನ್ನೇ ಹೇಳ್ತಿದ್ದೀನಿ’ ಅನ್ನಿ. ಒಂದೇ ಸಲ ಸಾಕು. ಉತ್ತರವೇ ಬರದಿದ್ದರೆ ನೀಲಿ ಗೆರೆ ನೋಡುತ್ತಾ ಕೂರಬೇಡಿ, ಕಳಿಸಿದ್ದನ್ನು ಅಳಿಸಲೂಬೇಡಿ. ಹೇಳಿದ ಹೊತ್ತಿಗೆ ಫೋನ್ ಮಾಡಿ.

ಗೆಳತಿಗೆ ಬಂದ ಉತ್ತರ ಎರಡೇ ಸಾಲು: “ಪೂರ್ತಿ ಮರೆತುಹೋಯ್ತು. ತುಂಬಾ ತಪ್ಪಾಯ್ತು. ಒಂಬತ್ತಕ್ಕೆ ನಾನೇ ಮಾಡ್ತೀನಿ.”

ಮಾತಿಗೆ ಕೂತಾಗ

ಗಾಟ್‌ಮನ್ ಮತ್ತು ಅವರ ಸಹೋದ್ಯೋಗಿ ಹೊಸದಾಗಿ ಮದುವೆಯಾದ 124 ಜೋಡಿಗಳನ್ನು ಗಮನಿಸಿ 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಜಗಳದ ಮಾತುಕತೆಯ ಮೊದಲ ಮೂರು ನಿಮಿಷ ಹೇಗಿತ್ತು ಅನ್ನುವುದಕ್ಕೂ, ಮುಂದೆ ಆ ಜೋಡಿ ಬೇರೆಯಾಗುವುದಕ್ಕೂ ನಂಟಿರುವುದು ಅವರಿಗೆ ಕಂಡಿತು. ನೀವು ಕಳಿಸಿದ ಮೆಸೇಜನ್ನು ಆ ಮೂರು ನಿಮಿಷದ ಜಾಗದಲ್ಲಿ ಇಟ್ಟು ನೋಡಿ. ಅದಕ್ಕೇ ಫೋನ್ ಎತ್ತಿದ ಮೇಲೆ ಹೊಸದಾಗಿ ಖಾರವಾಗಿ ಶುರು ಮಾಡಬಾರದು. ‘ಬೆಳಗ್ಗೆ ಬರೆದಿದ್ದೆನಲ್ಲ, ಅದೇ ವಿಷಯ. ಮೊದಲು ನೀನು ಹೇಳು’ ಅಂದರೆ ಸಾಕು. ಆಮೇಲೆ ಕೇಳಿಸಿಕೊಳ್ಳಬೇಕು. ಕಷ್ಟದ ಭಾಗ ಇದೇ, ಯಾಕೆಂದರೆ ಇಷ್ಟ ಆಗದ್ದೂ ಕೇಳಿಸಬಹುದು.

ಗೆಳತಿಗೆ ಕೇಳಿಸಿತು. ಅವನು ಮರೆತದ್ದನ್ನು ಒಪ್ಪಿದ, ನೆಪ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಂದ: “ಹೋದ ವರ್ಷ ನೀನೇ ಅಂದಿದ್ದೆ, ಹುಟ್ಟುಹಬ್ಬ ಗಿಟ್ಟುಹಬ್ಬ ಎಲ್ಲ ಬೇಡ ಅಂತ. ಅವತ್ತಿನಿಂದ ಅದು ನಿನಗೆ ಮುಖ್ಯ ಅಲ್ಲ ಅಂತಲೇ ತಲೆಯಲ್ಲಿ ಕೂತಿತ್ತು.” ಅವಳು ಅಂದಿದ್ದು ನಿಜ. ಜನ ಸೇರಿಸುವ ಗಲಾಟೆ ಬೇಡ ಅನ್ನುವ ಅರ್ಥದಲ್ಲಿ. ಅವನಿಗೆ ಕೇಳಿಸಿದ್ದು ಹುಟ್ಟುಹಬ್ಬವೇ ಬೇಡ ಅಂತ. ಮೊದಲ ಡ್ರಾಫ್ಟ್ ಹೋಗಿದ್ದರೆ ಇದೇ ಮಾತು ಗುರಾಣಿಯಾಗಿ ಬರುತ್ತಿತ್ತು: ‘ನೀನೇ ಬೇಡ ಅಂದಿದ್ದೆಯಲ್ಲ!’ ಈಗ ಅದು ಒಂದು ಮಾಹಿತಿಯಾಗಿ ಬಂತು. ಹೋದ ವರ್ಷ ತಾನೇ ನೆನಪಿಸಬೇಕಾಗಿ ಬಂದದ್ದನ್ನು ಅವಳೂ ಆಗ ಹೇಳಿದಳು. ಆ ಹೊತ್ತಿಗೆ ಅದು ಆರೋಪದಂತೆ ಕೇಳಿಸಲಿಲ್ಲ.

ಮಾತು ಮುಗಿಯುವ ಮುನ್ನ ಏನು ಬೇಕು ಅಂತ ಬಿಡಿಸಿ ಹೇಳಿ. ‘ನನಗೆ ಬೆಲೆ ಕೊಡು’ ಅಂದರೆ ಅವರು ನಾಳೆ ಬೆಳಗ್ಗೆ ಎದ್ದು ಏನು ಮಾಡಬೇಕು ಅಂತ ಅವರಿಗೆ ತಿಳಿಯುವುದಿಲ್ಲ. ‘ಆ ದಿನ ಎದ್ದ ಕೂಡಲೇ ಒಂದು ಕಾಲ್ ಮಾಡು, ಉಡುಗೊರೆ ಬೇಡ’ ಅಂದರೆ ತಿಳಿಯುತ್ತದೆ. ಕೇಳಿ ಪಡೆದರೆ ಅದಕ್ಕೇನು ಬೆಲೆ ಅಂತ ಗೆಳತಿ ಮೊದಲು ಗೊಣಗಿದಳು. ನನಗೇನೋ ಹಾಗನ್ನಿಸುವುದಿಲ್ಲ. ಕೇಳದೆ ಸಿಕ್ಕರೆ ಇನ್ನೂ ಖುಷಿ, ನಿಜ. ಕೇಳಿದ್ದು ಅವರ ಮನಸ್ಸಿನಲ್ಲಿ ಉಳಿದರೆ ಅದೂ ಖುಷಿಯೇ.

ಈ ದಾರಿ ಎಲ್ಲರಿಗೂ ಅಲ್ಲ. ಮರೆವಿನ ಜೊತೆಗೆ ಹೀಯಾಳಿಸುವುದೂ ನಡೆಯುತ್ತಿದ್ದರೆ, ನಿಮಗೆ ಬೇಜಾರಾದಾಗಲೆಲ್ಲ ಅವರು ನಗುತ್ತಿದ್ದರೆ, ಮೆಸೇಜ್ ಕಳಿಸಲು ಕೈ ನಡುಗುವುದು ಅವರ ಸಿಟ್ಟಿನ ಭಯಕ್ಕಾದರೆ, ಅಲ್ಲಿ ತಿದ್ದಬೇಕಾದ್ದು ಮೆಸೇಜ್‌ನ ಪದಗಳಲ್ಲ. ಆಗ ಮೊದಲು ನಿಮ್ಮವರು ಅನ್ನಿಸುವ ಒಬ್ಬರ ಹತ್ತಿರವೋ, ಆಪ್ತಸಮಾಲೋಚಕರ ಹತ್ತಿರವೋ ಮಾತಾಡಿ.

ಅವರಿಬ್ಬರೂ ಅವತ್ತು ಫೋನ್ ಇಡುವ ಮೊದಲು ಅವನು ತನ್ನ ಕ್ಯಾಲೆಂಡರ್‌ನಲ್ಲಿ ಪ್ರತಿ ವರ್ಷ ಬರುವಂತೆ ಎರಡು ರಿಮೈಂಡರ್ ಹಾಕಿಕೊಂಡ. ಒಂದು ವಾರ ಮುಂಚೆ ಬರುವಂಥದ್ದು, ಇನ್ನೊಂದು ಆ ದಿನ ಬೆಳಗ್ಗೆ ಆರೂವರೆಗೆ. ಎರಡನೆಯದಕ್ಕೆ ಏನಂತ ಹೆಸರಿಡಲಿ ಅಂತ ಕೇಳಿದನಂತೆ. “ಫೋನ್ ಸದ್ದಾಗಲಿ” ಅಂತ ಬರಿ ಅಂದಳಂತೆ.